ಹುತ್ತರಿ ಡಿಸೆಂಬರ್‌ನಲ್ಲಿ, ತುಪ್ಪದ ಆರ್ಡರ್ ನವೆಂಬರ್‌ನಲ್ಲಿ: ನನ್ನ ಅನುಭವ

ಗೋಣಿಕೊಪ್ಪದಲ್ಲಿ ನನ್ನದು ತುಪ್ಪ, ಎಣ್ಣೆಯ ಡಿಸ್ಟ್ರಿಬ್ಯೂಷನ್. ಪ್ರತಿ ತಿಂಗಳ ಕೊನೆಯ ವಾರ ಮುಂದಿನ ತಿಂಗಳಿಗೆ ಎಷ್ಟು ಕೇಸ್ ಬೇಕು ಅಂತ ಕಂಪನಿಗೆ ಬರೆದು ಕೊಡಬೇಕು. ಹೋದ ವರ್ಷದ ಅದೇ ತಿಂಗಳಿಗೆ ಶೇಕಡ ಹತ್ತು ಸೇರಿಸುವುದು ಅವರ ಲೆಕ್ಕ. ಸೋಪಿಗೆ ಅದು ಸರಿ. ತುಪ್ಪಕ್ಕೆ ನಡೆಯುವುದಿಲ್ಲ, ಯಾಕೆಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಒಂದು ವರ್ಷ ನವೆಂಬರ್‌ನಲ್ಲಿ ಬಂದರೆ ಇನ್ನೊಂದು ವರ್ಷ ಡಿಸೆಂಬರ್‌ಗೆ ಜಾರುತ್ತದೆ.

ನನಗೆ ಪೆಟ್ಟು ಬಿದ್ದದ್ದು 2024ರಲ್ಲಿ. ಅದರ ಹಿಂದಿನ ವರ್ಷ ನವೆಂಬರ್‌ನಲ್ಲಿ ಸುಮಾರು 190 ಕೇಸ್ ಹೋಗಿತ್ತು. ಹತ್ತು ಪರ್ಸೆಂಟ್ ಏರಿಸಿ 210 ಕಳಿಸಿದರು, ನಾನೂ ಬಾಯಿ ಮುಚ್ಚಿಕೊಂಡು ಇಳಿಸಿಕೊಂಡೆ. ಹೋದದ್ದು ನೂರು ಕೇಸ್. ಕೇಸಿಗೆ ಹನ್ನೆರಡು ಲೀಟರ್, ಏಳು ಸಾವಿರದ ಆಸುಪಾಸು. ಅಂದರೆ ಏಳೂವರೆ ಲಕ್ಷಕ್ಕೂ ಹೆಚ್ಚು ದುಡ್ಡು ಗೋಡೌನ್‌ನಲ್ಲಿ ಕೂತಿತು, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಓಡುತ್ತಿತ್ತು. ಹೆದರಿ 60 ಕೇಸನ್ನು ಲೀಟರಿಗೆ 25 ರೂಪಾಯಿ ಇಳಿಸಿ ಘಟ್ಟದಾಚೆಯ ವ್ಯಾಪಾರಿಗೆ ದಾಟಿಸಿದೆ. ಅಲ್ಲಿಗೆ 18,000 ಹೋಯಿತು. ಡಿಸೆಂಬರ್‌ಗೆ 60 ಕೇಸ್ ಸಾಕು ಅಂತ ಬರೆದೆ. ಆ ವರ್ಷ ಹುತ್ತರಿ ಡಿಸೆಂಬರ್ 14ಕ್ಕೆ! ಐವತ್ತು ಕೇಸ್ ಕಡಿಮೆ ಬಿದ್ದು, ಕೇಸಿಗೆ ನೂರೈವತ್ತು ಜಾಸ್ತಿ ಕೊಟ್ಟು ಬೇರೆ ಹೋಲ್‌ಸೇಲ್‌ನಿಂದ ತಂದೆ. ಮಾರಿದ್ದೂ ನಷ್ಟಕ್ಕೆ, ಕೊಂಡದ್ದೂ ನಷ್ಟಕ್ಕೆ.

ಆಮೇಲೆ ಹಳೇ ಬಿಲ್ ಪುಸ್ತಕ ತೆಗೆದು ಕೂತೆ. 2023ರ ಆ 190ರಲ್ಲಿ ಎರಡು ಹಬ್ಬ ಸೇರಿದ್ದವು: ದೀಪಾವಳಿ ನವೆಂಬರ್ 12, ಹುತ್ತರಿ 27. ಎಲ್ಲವೂ ಹುತ್ತರಿಯದೇ ಅಂದುಕೊಂಡಿದ್ದೆ. ಬಿಡಿಸಿ ನೋಡಿದರೆ ಮಾಮೂಲಿ ತಿಂಗಳಿಗೆ ನೂರು, ದೀಪಾವಳಿಗೆ ಮೂವತ್ತು, ಹುತ್ತರಿಗೆ ಅರವತ್ತು. ದೀಪಾವಳಿಯಾಗಿ ಇಷ್ಟು ದಿನಕ್ಕೆ ಹುತ್ತರಿ ಅಂತ ಎಣಿಸುವುದೂ ಮೋಸವೇ. ಹುತ್ತರಿ ಗೊತ್ತಾಗುವುದು ರೋಹಿಣಿ ನಕ್ಷತ್ರದ ಮೇಲೆ, ಅದು ಒಮ್ಮೆ ಕಾರ್ತಿಕ ಹುಣ್ಣಿಮೆಯ ಹತ್ತಿರ ಸಿಕ್ಕರೆ ಇನ್ನೊಮ್ಮೆ ಮಾರ್ಗಶಿರದ ಹುಣ್ಣಿಮೆಯ ಹತ್ತಿರ ಸಿಗುತ್ತದೆ. ಹಾಗಾಗಿ ಅಂತರ ಹದಿನೈದು ದಿನ, ಇಲ್ಲವೇ ನಲವತ್ತೈದು.

ಇನ್ನೊಂದು ತಪ್ಪು ಹಬ್ಬ ಬೀಳುವ ತಿಂಗಳನ್ನೇ ನೋಡುತ್ತಿದ್ದದ್ದು. ತಂಬಿಟ್ಟಿಗೆ ತುಪ್ಪ ಮನೆಗೆ ಹೋಗುವುದು ಹಬ್ಬದ ಹಿಂದಿನ ದಿನ ಇರಬಹುದು, ಅಂಗಡಿಯವರು ನನ್ನ ಹತ್ತಿರ ಎತ್ತುವುದು ಅದಕ್ಕೂ ಮೊದಲು. ಹಬ್ಬದ ಮಾಲೆಲ್ಲ ಹಿಂದಿನ ಐದು ದಿನದಲ್ಲೇ ಹೋಗುತ್ತದೆ ಅಂತ ಮೊದಲು ಐದು ದಿನದ ಕಿಟಕಿ ಇಟ್ಟೆ. 2022ರಲ್ಲಿ ಹುತ್ತರಿ ಡಿಸೆಂಬರ್ 7. ಐದು ದಿನವಾದರೆ ಎಲ್ಲವೂ ಡಿಸೆಂಬರ್‌ಗೇ ಬರಬೇಕು, ಆದರೆ ನವೆಂಬರ್ ಬಿಲ್ಲುಗಳು 124 ಕೇಸ್ ತೋರಿಸಿದವು. ಹಿಂದಿನ ತಿಂಗಳಲ್ಲಿ ಹೀಗೆ ಮಿಕ್ಕರೆ ಕಿಟಕಿ ಚಿಕ್ಕದಾಯಿತು ಎಂದರ್ಥ. ಹತ್ತು ದಿನ ಮಾಡಿದೆ. ನವೆಂಬರ್‌ಗೆ ನಾಲ್ಕು ದಿನ, ಅರವತ್ತರಲ್ಲಿ ಶೇಕಡ ನಲವತ್ತು ಅಂದರೆ 24. ಕೂತಿತು!

ಎಕ್ಸೆಲ್‌ನಲ್ಲಿ A2 ತಿಂಗಳ ಒಂದನೇ ತಾರೀಕು, B2 ಹಬ್ಬದ ತಾರೀಕು:

```
=MAX(0,MIN(EOMONTH(A2,0),B2-1)-MAX(A2,B2-10)+1)/10
```

ಬಂದ ಪಾಲನ್ನು ಅರವತ್ತರಿಂದ ಗುಣಿಸಿ ಮಾಮೂಲಿ ನೂರಕ್ಕೆ ಸೇರಿಸಿದರೆ ಮುಗಿಯಿತು. ಹತ್ತೂ ದಿನಕ್ಕೆ ಸಮ ತೂಕ ಕೊಟ್ಟರೂ ಕೆಲಸ ನಡೆಯುತ್ತದೆ. ನಾನು ಕೊಡುವ ತೂಕ ಬೇರೆ, ಅದು ಬಿಲ್ ಪುಸ್ತಕದ ಒಳಗೇ ಇರಲಿ.

2025ರಲ್ಲಿ ಹುತ್ತರಿ ಡಿಸೆಂಬರ್ 4. ಕಿಟಕಿ ನವೆಂಬರ್ 24ರಿಂದ ಶುರು, ಏಳು ದಿನ ನವೆಂಬರ್‌ಗೇ ಬಿತ್ತು. ನವೆಂಬರ್‌ಗೆ 142, ಡಿಸೆಂಬರ್‌ಗೆ 118 ಬರೆದೆ. ಕಂಪನಿಯ ಪ್ಲಾನ್‌ನಲ್ಲಿ ಇದ್ದದ್ದು 110, ಡಿಸೆಂಬರ್‌ಗೆ 170ರ ಮೇಲೆ.

“ಸಾರ್, ಹಬ್ಬ ಡಿಸೆಂಬರ್‌ನಲ್ಲಿ, ನೀವು ನವೆಂಬರ್‌ಗೆ ಕೇಳ್ತಿದ್ದೀರಲ್ಲ?” ಅಂದ ಸೇಲ್ಸ್ ಆಫೀಸರ್.

“ಹಬ್ಬದ ದಿನ ನನ್ನ ಗೋಡೌನ್ ಬಾಗಿಲು ಹಾಕಿರುತ್ತೆ ಕಣಪ್ಪ,” ಅಂದೆ.

ಹೋದದ್ದು ನವೆಂಬರ್‌ನಲ್ಲಿ 147, ಡಿಸೆಂಬರ್‌ನಲ್ಲಿ 112 ಇರಬೇಕು. ಈಗ ಅವನೇ ಆ ಶೀಟ್ ಕೇಳುತ್ತಾನೆ. ಕೊಟ್ಟಿದ್ದೇನೆ, ತೂಕದ ಕಾಲಂ ಅಳಿಸಿ.

ಅದೇ ಹುರುಪಿನಲ್ಲಿ ಕೊಡವರ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್‌ಗೂ ಮಾಡಿದೆ, ದಂಡ. ಅದು ಪ್ರತಿ ವರ್ಷ ಸೆಪ್ಟೆಂಬರ್ 3ಕ್ಕೇ ಬರುವುದರಿಂದ ಏರಿಕೆ ಆಗಸ್ಟಿನ ಮಾಮೂಲಿ ಲೆಕ್ಕದಲ್ಲೇ ಸೇರಿಹೋಗಿರುತ್ತದೆ, ಮತ್ತೆ ಸೇರಿಸಿದರೆ ಎರಡು ಸಲ ಎಣಿಸಿದಂತೆ. ರಂಜಾನ್‌ಗೆ ಹತ್ತು ದಿನದ ಕಿಟಕಿ ಸಾಲಲಿಲ್ಲ. ಉಪವಾಸ ಶುರುವಾಗುವ ಮೊದಲು ಒಂದು ಏರು, ಈದ್‌ಗೆ ಮೊದಲು ಇನ್ನೊಂದು. ಅದಕ್ಕೆ ಎರಡು ಕಿಟಕಿ ಇಟ್ಟು ನೋಡುತ್ತಿದ್ದೇನೆ.

ಒಂದು ತೊಡಕು ಉಳಿದಿದೆ. ಹುತ್ತರಿಯ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತಾಗುವ ಹೊತ್ತಿಗೆ ನನ್ನ ಆರ್ಡರ್ ಹೋಗಿರುತ್ತದೆ. ಪಂಚಾಂಗದಲ್ಲಿ ಹುಣ್ಣಿಮೆ, ರೋಹಿಣಿ ನೋಡಿ ನಾನೇ ತಾರೀಕು ಹಾಕಿಕೊಳ್ಳುತ್ತೇನೆ. ಒಂದು ದಿನ ಆಚೀಚೆ ಆದರೆ ಆರು ಕೇಸಿನ ವ್ಯತ್ಯಾಸ, ಅಷ್ಟು ತಡೆಯಬಹುದು.

2026ರಲ್ಲಿ ದೀಪಾವಳಿ ನವೆಂಬರ್ 8, ಕಾರ್ತಿಕ ಹುಣ್ಣಿಮೆ 24. ಹುತ್ತರಿ ಅದರ ಪಕ್ಕದಲ್ಲೇ ಬರುತ್ತದೆ ಅಂತ ಇಟ್ಟುಕೊಂಡಿದ್ದೇನೆ. ದೀಪಾವಳಿ ಕಿಟಕಿಯ ಮೂರು ದಿನ ಅಕ್ಟೋಬರ್‌ಗೆ ಹೋಗುತ್ತವೆ, ಉಳಿದದ್ದಕ್ಕೆ 21. ನವೆಂಬರ್‌ಗೆ 181, ಡಿಸೆಂಬರ್‌ಗೆ ಬರೀ ನೂರು. ಕಂಪನಿಯವರು ನವೆಂಬರ್‌ಗೆ 160ರ ಸುತ್ತಮುತ್ತ ಬರೆದುಕೊಂಡು ಬರುತ್ತಾರೆ, ನೋಡುತ್ತಿರಿ.