ಗೋದಾಮಿನ ಕೊಬ್ಬರಿಯನ್ನು ಲೆಕ್ಕದಿಂದ ಹೊರಗಿಟ್ಟಾಗ ಕಂಡದ್ದು

ತುಮಕೂರಿನಲ್ಲಿ ಲೆಕ್ಕಪತ್ರ ಮತ್ತು ತೆರಿಗೆ ಸಲಹೆಯ ಕೆಲಸ ಮಾಡುವ ನನ್ನ ಬಳಿಗೆ ತಿಪಟೂರಿನ ಕೆಲವು ಕೊಬ್ಬರಿ ವರ್ತಕರ ಪುಸ್ತಕಗಳು ಬರುತ್ತವೆ. ಅವರಲ್ಲಿ ಒಬ್ಬರ 2023ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟನ್ನು ಮುಗಿಸಿದ ದಿನ ನನಗೆ ಸಮಾಧಾನವೇ ಆಗಿತ್ತು, ಏಕೆಂದರೆ ಅದರ ಚಾಲ್ತಿ ಅನುಪಾತ, ಅಂದರೆ ಕರೆಂಟ್ ರೇಷಿಯೋ, ಪಠ್ಯಪುಸ್ತಕದಿಂದ ಎತ್ತಿಟ್ಟಂತೆ ಸರಿಯಾಗಿ 2 ಬಂದಿತ್ತು. ಆರು ವಾರ ಕಳೆಯುವುದರೊಳಗೆ ಅದೇ ವರ್ತಕರು ನನ್ನ ಮೇಜಿನ ಮುಂದೆ ಕುಳಿತು, "ಸ್ವಾಮಿ, ಮಂಡಿಗೆ ಕೊಡೋಕೆ ದುಡ್ಡಿಲ್ಲ, ಬ್ಯಾಂಕಿನವರು ಬೇರೆ ಫೋನ್ ಮಾಡ್ತಿದ್ದಾರೆ" ಎಂದರು. ನಾನು ಆ ಮೊದಲ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಮತ್ತು ಆಮೇಲೆ ಅದನ್ನು ಹೇಗೆ ತಿದ್ದಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಸುತ್ತಿನ ಸಂಖ್ಯೆಗೆ ತಂದಿದ್ದೇನೆ.

ಅವರ ಗೋದಾಮಿನಲ್ಲಿ 600 ಕ್ವಿಂಟಾಲ್ ಉಂಡೆ ಕೊಬ್ಬರಿಯಿತ್ತು. ಕೊಂಡ ಸರಾಸರಿ ದರ ಕ್ವಿಂಟಾಲಿಗೆ 13,000 ರೂಪಾಯಿ, ಆದ್ದರಿಂದ ದಾಸ್ತಾನಿನ ಮೌಲ್ಯ 78 ಲಕ್ಷ. ಉತ್ತರ ಭಾರತದ ಖರೀದಿದಾರರಿಂದ ಬರಬೇಕಾದದ್ದು 26 ಲಕ್ಷ, ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ 4 ಲಕ್ಷ, ಮುಂಗಡ ಕಟ್ಟಿದ ವಿಮೆ ಮತ್ತು ರೈತರಿಗೆ ಕೊಟ್ಟ ಮುಂಗಡ ಸೇರಿ 2 ಲಕ್ಷ. ಒಟ್ಟು ಚಾಲ್ತಿ ಆಸ್ತಿ 110 ಲಕ್ಷ. ಕೊಡಬೇಕಾದ ಕಡೆ ಬ್ಯಾಂಕಿನ ಸಿಸಿ, ಅಂದರೆ ಕ್ಯಾಷ್ ಕ್ರೆಡಿಟ್ ಸಾಲದ ಖಾತೆಯಲ್ಲಿ 40 ಲಕ್ಷ, ದಲ್ಲಾಳಿ ಮಂಡಿಗಳಿಗೆ 12 ಲಕ್ಷ, ಹಮಾಲಿ, ಕೂಲಿ, ತೆರಿಗೆ ಬಾಕಿ ಸೇರಿ 3 ಲಕ್ಷ, ಒಟ್ಟು 55 ಲಕ್ಷ. 110ನ್ನು 55ರಿಂದ ಭಾಗಿಸಿದರೆ 2. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಟಂಡನ್ ಸಮಿತಿಯ ಕಾಲದಿಂದ ಬ್ಯಾಂಕುಗಳು ದುಡಿಯುವ ಬಂಡವಾಳದ ಸಾಲಕ್ಕೆ 1.33 ಇದ್ದರೆ ಸಾಕು ಎನ್ನುತ್ತ ಬಂದಿರುವಾಗ, 2 ಎಂಬ ಅಂಕಿಯನ್ನು ಪ್ರಶ್ನಿಸಬೇಕೆಂದು ನನಗೆ ಹೊಳೆಯಲಿಲ್ಲ.

ಅವರು ಬಂದು ಕುಳಿತ ಆ ಮಧ್ಯಾಹ್ನ ನಾನು ಮಾಡಿದ ಮೊದಲ ಕೆಲಸವೆಂದರೆ ಅದೇ ಹಾಳೆಯ ಮೇಲೆ ದಾಸ್ತಾನನ್ನೂ ಮುಂಗಡಗಳನ್ನೂ ಹೊಡೆದುಹಾಕಿದ್ದು. ವಿಮೆ ಕಂಪನಿಗೆ ಕಟ್ಟಿದ ಹಣ ಮಂಡಿಯ ಸಾಲ ತೀರಿಸಲು ಹಿಂದಿರುಗಿ ಬರುವುದಿಲ್ಲ, ರೈತರಿಗೆ ಕೊಟ್ಟ ಮುಂಗಡ ಬಂದರೂ ಕೊಬ್ಬರಿಯ ರೂಪದಲ್ಲೇ ಬರುತ್ತದೆ. ಉಳಿದದ್ದು 26 ಮತ್ತು 4, ಒಟ್ಟು 30 ಲಕ್ಷ. 55 ಲಕ್ಷದ ಎದುರು ಅದು 0.55. ಇದೇ ತ್ವರಿತ ಅನುಪಾತ, ಕ್ವಿಕ್ ರೇಷಿಯೋ. ಒಂದಕ್ಕೆ ಒಂದು ಇರಬೇಕೆಂದು ಹೇಳುವ ಕಡೆ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಇತ್ತು.

ಇಲ್ಲಿ ಒಂದು ಮಾತು. ನಾವು ಬಿ.ಕಾಂ. ಓದುವಾಗ ತ್ವರಿತ ಅನುಪಾತದ ಛೇದದಿಂದ ಬ್ಯಾಂಕ್ ಓವರ್‌ಡ್ರಾಫ್ಟನ್ನು ಬಿಟ್ಟುಬಿಡಬೇಕೆಂದು ಕಲಿತಿದ್ದೆವು, ವರ್ಷದಿಂದ ವರ್ಷಕ್ಕೆ ನವೀಕರಣವಾಗುತ್ತ ಹೋಗುವ ಸಾಲ ತಕ್ಷಣ ತೀರಿಸಬೇಕಾದದ್ದಲ್ಲ ಎಂಬುದು ಅದರ ಹಿಂದಿನ ವಾದ. ಆ ಪ್ರಕಾರ ಸಿಸಿಯ 40 ಲಕ್ಷವನ್ನು ತೆಗೆದರೆ ಛೇದದಲ್ಲಿ 15 ಉಳಿದು ಅನುಪಾತ ಮತ್ತೆ 2 ಆಗುತ್ತದೆ! ಅದೇ ವರ್ತಕರು, ಅದೇ ದಿನ, ಒಂದು ಸೂತ್ರದಲ್ಲಿ 0.55, ಇನ್ನೊಂದರಲ್ಲಿ 2. ನಾನು ಈಗ ಸಿಸಿಯನ್ನು ಬಿಡುವುದಿಲ್ಲ. ಕಾರಣ ಮುಂದಿನ ಲೆಕ್ಕದಲ್ಲಿದೆ.

ದಾಸ್ತಾನನ್ನು ಏಕೆ ಬಿಡಬೇಕು ಎಂದು ಕೇಳಿದರೆ "ಅದು ಬೇಗ ಹಣವಾಗುವುದಿಲ್ಲ" ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ನಿಜವಾದರೂ ಅರ್ಧ ಉತ್ತರ. ಕೊಬ್ಬರಿಯ ವಿಷಯದಲ್ಲಿ ಮಾರುಕಟ್ಟೆಗೆ ಹಾಕಿದರೆ ಕೊಳ್ಳುವವರು ಇದ್ದೇ ಇರುತ್ತಾರೆ. ಆದರೆ ಹೊರರಾಜ್ಯಕ್ಕೆ ಲಾರಿ ಕಳಿಸಿದ ವರ್ತಕರಿಗೆ ಹಣ ಅಂದೇ ಬರುವುದಿಲ್ಲ, ಮಾಲು ಮೊದಲು ಬರಬೇಕಾದ ಬಾಕಿಯಾಗಿ ಬದಲಾಗಿ, ಆಮೇಲೆ ಹಣವಾಗಬೇಕು. ಹೀಗೆ ದಾಸ್ತಾನು ನಗದಿನಿಂದ ಎರಡು ಹೆಜ್ಜೆ ದೂರದಲ್ಲಿದ್ದರೆ ಬಾಕಿ ಒಂದೇ ಹೆಜ್ಜೆ ದೂರದಲ್ಲಿದೆ. ಬಾಕಿಗೆ ಇನ್ನೊಂದು ಅನುಕೂಲವೂ ಉಂಟು: ಅದರ ಮೊತ್ತ ಬಿಲ್ಲಿನಲ್ಲಿ ಬರೆದು ಮುಗಿದಿರುತ್ತದೆ, ಖರೀದಿದಾರ ಕೊಡದೆ ಹೋಗಬಹುದೇ ಹೊರತು ಮೊತ್ತ ತಾನಾಗಿ ಇಳಿಯುವುದಿಲ್ಲ. ಗೋದಾಮಿನ ಮಾಲಿಗೆ ಇನ್ನೂ ಯಾರೂ ಬೆಲೆ ಕಟ್ಟಿಲ್ಲ. ನಾವು ಬರೆದ 13,000 ನಾವು ಕೊಟ್ಟ ಬೆಲೆ, ನಮಗೆ ಸಿಗುವ ಬೆಲೆಯಲ್ಲ.

ಉಳಿದರ್ಧ ನನಗೆ ಅರ್ಥವಾದದ್ದು ಬ್ಯಾಂಕಿನ ಕಾಗದ ನೋಡಿದ ಮೇಲೆ. ಆ ಹೊತ್ತಿಗೆ ಅವರ ಮಾಲಿಗೆ ಸಿಗುತ್ತಿದ್ದ ದರ 10,000ಕ್ಕೆ ಇಳಿದಿತ್ತು. ಕೊಂಡ ಬೆಲೆ ಮತ್ತು ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ ಇವೆರಡರಲ್ಲಿ ಕಡಿಮೆಯದನ್ನು ದಾಸ್ತಾನಿಗೆ ಹಿಡಿಯಬೇಕೆಂಬುದು ಲೆಕ್ಕಪತ್ರದ ಮಾನದಂಡವೇ ಹೇಳುವ ನಿಯಮ. ಮಾರ್ಚ್ ಕೊನೆಗೇ ದರ ಜಾರುತ್ತಿದ್ದರೂ ನಾನು ಖರೀದಿ ಬೆಲೆಯನ್ನೇ ಬರೆದದ್ದು ನನ್ನದೇ ತಪ್ಪು. ಈ 10,000ದ ದರದಲ್ಲಿ ಬರೆದರೆ ದಾಸ್ತಾನು 60 ಲಕ್ಷ, ಚಾಲ್ತಿ ಆಸ್ತಿ 92 ಲಕ್ಷ, ಅನುಪಾತ 1.67 ಆಗುತ್ತಿತ್ತು. ತ್ವರಿತ ಅನುಪಾತ ಮಾತ್ರ 0.55ರಲ್ಲೇ ನಿಂತಿರುತ್ತಿತ್ತು, ದರ ಇಳಿಯುವ ಮೊದಲೂ ಅದೇ, ಇಳಿದ ಮೇಲೂ ಅದೇ.

"ಬೆಂಬಲ ಬೆಲೆ ಇದೆಯಲ್ಲ ಸ್ವಾಮಿ, 11,750ಕ್ಕಿಂತ ಕೆಳಗೆ ಹೋದರೂ ಅದು ಸಿಕ್ಕೇ ಸಿಗುತ್ತೆ ಅಂದ್ಕೊಂಡಿದ್ದೆ" ಎಂದರು ಅವರು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಯ ಕನಿಷ್ಠ ಬೆಂಬಲ ಬೆಲೆ 11,750 ಇದ್ದದ್ದು ನಿಜ. ಆದರೆ ಆ ಖರೀದಿ ನೋಂದಾಯಿಸಿದ ರೈತರಿಂದ ನಡೆಯುತ್ತದೆ. ಅಟ್ಟದ ಮೇಲೆ ಕಾಯಿ ಒಣಗಿಸಿದ ರೈತರಿಗೆ ಇರುವ ಆ ನೆಲೆ, ಅವರಿಂದ ಕೊಂಡು ಗೋದಾಮಿಗೆ ಹಾಕಿದ ವರ್ತಕರಿಗೆ ಇಲ್ಲ. ಇದು ಅವರಿಗೆ ತಿಳಿಯದ ವಿಷಯವೇನಲ್ಲ, ಆದರೂ ದಾಸ್ತಾನಿಗೆ ಮನಸ್ಸಿನಲ್ಲಿ ಬೆಲೆ ಕಟ್ಟುವಾಗ ಆ ಸಂಖ್ಯೆಯೇ ಕಣ್ಣ ಮುಂದೆ ನಿಂತಿರುತ್ತದೆ.

ಸಿಸಿ ಸಾಲದಲ್ಲಿ ಎಷ್ಟು ಹಣ ಎತ್ತಬಹುದು ಎಂಬುದನ್ನು ಬ್ಯಾಂಕಿನವರು ಡ್ರಾಯಿಂಗ್ ಪವರ್ ಎನ್ನುತ್ತಾರೆ. ಇವರ ಸಾಲ ದಾಸ್ತಾನಿನ ಮೇಲಷ್ಟೇ ಮಂಜೂರಾಗಿತ್ತು. ದಾಸ್ತಾನಿನಿಂದ ಇನ್ನೂ ಹಣ ಕೊಡದ ಮಾಲಿನ ಬೆಲೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 25ನ್ನು ಮಾರ್ಜಿನ್ ಎಂದು ಬಿಡಬೇಕು. ಮಾರ್ಚ್ ಸ್ಟಾಕ್ ಸ್ಟೇಟ್‌ಮೆಂಟಿನ ಪ್ರಕಾರ 78ರಲ್ಲಿ 12 ಕಳೆದು 66, ಅದರ ಮುಕ್ಕಾಲು 49.5 ಲಕ್ಷ, ಮಂಜೂರಾದ ಮಿತಿ 40 ಲಕ್ಷ, ಎಲ್ಲವೂ ಸರಿ. ಏಪ್ರಿಲ್ ಸ್ಟೇಟ್‌ಮೆಂಟಿಗೆ ಬ್ಯಾಂಕಿನವರು ಮಾರುಕಟ್ಟೆ ದರ ಹಾಕಿದರು: 60ರಲ್ಲಿ 12 ಕಳೆದು 48, ಅದರ ಮುಕ್ಕಾಲು 36. ಎತ್ತಿರುವುದು 40. ಹೀಗೆ 4 ಲಕ್ಷ ಕೂಡಲೇ ಕಟ್ಟಬೇಕಾಯಿತು. ವರ್ಷವಿಡೀ ಕದಲುವುದಿಲ್ಲ ಎಂದು ನಾವು ಛೇದದಿಂದ ಬಿಡುತ್ತಿದ್ದ ಸಾಲದ ಒಂದು ತುಂಡು, ಕೊಬ್ಬರಿ ದರ ಇಳಿದ ಕಾರಣದಿಂದಲೇ ಆ ತಿಂಗಳು ತೀರಿಸಬೇಕಾದ ಸಾಲವಾಗಿ ಬಂದು ನಿಂತಿತು. ಮಾಲಿನ ಬೆಲೆ ಕುಸಿದರೆ ಆಸ್ತಿ ಕಡಿಮೆಯಾಗುತ್ತದೆ, ಅದೇ ಏಟಿಗೆ ತುರ್ತಿನ ಬಾಧ್ಯತೆ ಹೆಚ್ಚಾಗುತ್ತದೆ. ಹಣ ಬೇಕಾಗುವ ಗಳಿಗೆಯೂ ಮಾಲಿಗೆ ಬೆಲೆ ಸಿಗದ ಗಳಿಗೆಯೂ ಒಂದೇ ಆಗಿರುವಾಗ, ಆ ಮಾಲನ್ನೇ ನಂಬಿ ಸಾಲ ತೀರುವುದೆಂದು ಲೆಕ್ಕ ಹಾಕುವುದು ಹೇಗೆ?

ಆಮೇಲೆ 0.55ನ್ನೂ ನಾನು ಹಾಗೆಯೇ ನಂಬಲಿಲ್ಲ. 26 ಲಕ್ಷದ ಬಾಕಿಯನ್ನು ಬಿಲ್ಲಿನ ತಾರೀಕಿನಂತೆ ಬಿಡಿಸಿ ಬರೆದಾಗ, 9 ಲಕ್ಷ ನಾಲ್ಕು ತಿಂಗಳು ದಾಟಿದ ಒಬ್ಬನೇ ಖರೀದಿದಾರನದು ಎಂದು ಕಂಡಿತು. ಅದನ್ನು ಬಿಟ್ಟರೆ 17 ಮತ್ತು 4 ಸೇರಿ 21 ಲಕ್ಷ, ಅನುಪಾತ 0.38. ತ್ವರಿತ ಅನುಪಾತದ ದೊಡ್ಡ ದೋಷ ಇದೇ, ಅದು ಬಾಕಿಯ ವಯಸ್ಸನ್ನು ಕೇಳುವುದಿಲ್ಲ. ಅದನ್ನು ಚೆಂದಗಾಣಿಸುವುದೂ ಸುಲಭ. ಮಾರ್ಚ್ 30ರಂದು ನೆಂಟರ ಅಂಗಡಿಗೆ 100 ಕ್ವಿಂಟಾಲ್ ಉದ್ದರಿ ಬಿಲ್ಲು ಮಾಡಿದರೆ 10 ಲಕ್ಷ ದಾಸ್ತಾನಿನಿಂದ ಬಾಕಿಗೆ ಜಿಗಿದು, ಒಂದು ರೂಪಾಯಿ ಬರದಿದ್ದರೂ 0.55 ಇದ್ದದ್ದು 0.73 ಆಗುತ್ತದೆ. ಆದ್ದರಿಂದ ಈಗ ಯಾವ ವರ್ತಕರ ಪುಸ್ತಕ ಬಂದರೂ ಮಾರ್ಚ್ ಕೊನೆಯ ವಾರದ ಉದ್ದರಿ ಬಿಲ್ಲುಗಳನ್ನೂ, ಏಪ್ರಿಲ್‌ನಲ್ಲಿ ಅವು ವಾಪಸಾದವೇ ಎಂಬುದನ್ನೂ ಮೊದಲು ನೋಡುತ್ತೇನೆ.

ಇದೇ ಅಳತೆಗೋಲನ್ನು ಎಲ್ಲ ಕಡೆ ಹಿಡಿಯಲಾಗದು. ನಾನು ಲೆಕ್ಕ ಬರೆಯುವ ಒಂದು ದಿನಸಿ ಅಂಗಡಿಯ ತ್ವರಿತ ಅನುಪಾತ 0.3ನ್ನು ದಾಟಿದ್ದೇ ಇಲ್ಲ. ಅಲ್ಲಿ ಅಕ್ಕಿ, ಬೇಳೆ, ಎಣ್ಣೆ ಹತ್ತು ಹನ್ನೆರಡು ದಿನಕ್ಕೊಮ್ಮೆ ನಗದಿಗೆ ಬಿಕರಿಯಾಗುತ್ತವೆ, ಸಗಟು ವ್ಯಾಪಾರಿಗೆ ಕೊಡಲು ಮೂರು ವಾರ ಅವಧಿಯಿದೆ, ಆದ್ದರಿಂದ ಅವರಿಗೆ ತೊಂದರೆಯಿಲ್ಲ. ಬೆಲೆ ಏರಲೆಂದು ತಿಂಗಳುಗಟ್ಟಲೆ ಮಾಲು ಕೂಡಿಟ್ಟವರಿಗೆ ಆ 0.3 ಬಂದಿದ್ದರೆ ಕಥೆಯೇ ಬೇರೆ.

ಕೊಬ್ಬರಿ ವರ್ತಕರಿಗೆ ನಾನು ಹೇಳಿದ್ದು, "ಯಜಮಾನರೇ, 150 ಕ್ವಿಂಟಾಲ್ ಈಗಲೇ ನಗದಿಗೆ ಕೊಟ್ಟುಬಿಡಿ." ಒಂದೇ ಬಾರಿಗೆ ಅಷ್ಟು ಮಾಲು ಇಳಿಸಿದ್ದರಿಂದ ದರ 9,700 ಸಿಕ್ಕಿ, 14.55 ಲಕ್ಷ ಬಂತು. ಆ ಹಣ ಪೂರ್ತಿ ತಮ್ಮದೆಂದು ಅವರು ತಿಳಿದಿದ್ದರು, ಆದರೆ ಮಾಲು ಹೋದರೆ ಡ್ರಾಯಿಂಗ್ ಪವರ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಮಂಡಿಯ 12 ಲಕ್ಷ ತೀರಿಸಿದ ಮೇಲೆ ಉಳಿದ 45 ಲಕ್ಷದ ದಾಸ್ತಾನಿಗೆ ಮುಕ್ಕಾಲಿನಂತೆ 33.75 ಲಕ್ಷವಷ್ಟೇ ಸಿಗುತ್ತಿತ್ತು, ಹಾಗಾಗಿ ಬ್ಯಾಂಕಿಗೆ 4 ಲಕ್ಷದ ಬದಲು 6.25 ಲಕ್ಷ ಕಟ್ಟಬೇಕಾಯಿತು. ಕೂಲಿ ಮತ್ತು ತೆರಿಗೆಯ 3 ಲಕ್ಷ ಸೇರಿ ಒಟ್ಟು 21.25 ಲಕ್ಷ. ಮಾರಿದ ಹಣ, ಕೈಯಲ್ಲಿದ್ದ 4 ಲಕ್ಷ ಮತ್ತು ಹಳೆಯ ಒಳ್ಳೆಯ ಬಾಕಿಯಲ್ಲಿ ವಸೂಲಾದ 2.70 ಲಕ್ಷದಿಂದ ಅದು ಸರಿಹೊಂದಿತು.

ಎಲ್ಲ ತೀರಿದ ದಿನ ಅದೇ ಹಾಳೆಯ ಕೆಳಗೆ ಎರಡು ಅನುಪಾತಗಳನ್ನೂ ಮತ್ತೆ ಹಾಕಿದೆ. ಸಂದೇಹದ ಬಾಕಿಯನ್ನು ಬಿಟ್ಟು ತ್ವರಿತ ಅನುಪಾತ 0.42, ಅಂದರೆ ಕೈಯಲ್ಲಿ ನಗದು ಇಲ್ಲ, 33.75 ಲಕ್ಷದ ಸಾಲದ ಎದುರು ಬರುವ ಭರವಸೆಯಿರುವ ಬಾಕಿ 14.3 ಲಕ್ಷ. ಆ ಸಂದೇಹದ 9 ಲಕ್ಷವನ್ನೂ ಸೇರಿಸಿಕೊಳ್ಳುವ ಚಾಲ್ತಿ ಅನುಪಾತ ಮಾತ್ರ 2.08, ಮಾರ್ಚ್ 31ಕ್ಕಿಂತಲೂ ಉತ್ತಮವಾಗಿ ಕಾಣುತ್ತಿತ್ತು.