ಲೆವೆಲಿಂಗ್ ಪಾಠದಿಂದ ಫೀಲ್ಡ್ ಬುಕ್ ಪುಟವನ್ನು ಸಿದ್ಧಪಡಿಸುವ ಬಗೆ

ಸರ್ವೇಯಿಂಗ್ ತರಗತಿಯಲ್ಲಿ ಉಪಕರಣದ ಎತ್ತರದ ವಿಧಾನವನ್ನು ವಿವರಿಸುವಾಗ ಓದು, ಕೂಡಿಕೆ, ಕಳೆಯುವಿಕೆಗಳೆಲ್ಲ ಒಂದೇ ಹರಿವಿನಲ್ಲಿ ಬರುತ್ತವೆ. ಮರುದಿನದ ಪ್ರಾಯೋಗಿಕ ತರಗತಿಗೆ ಹಾಳೆ ಸಿದ್ಧಪಡಿಸುವವರು ಮೊದಲು ಆ ಹರಿವನ್ನು ಎರಡಾಗಿ ಒಡೆಯಬೇಕು: ಮೈದಾನದಲ್ಲಿ ಸ್ಟಾಫ್ ನೋಡಿ ಬರೆಯುವಂಥದ್ದು ಒಂದು, ಆ ಮೇಲೆ ಲೆಕ್ಕದಿಂದ ಪಡೆಯುವಂಥದ್ದು ಇನ್ನೊಂದು.

ಫೀಲ್ಡ್ ಬುಕ್ ಪುಟದಲ್ಲಿ ಸ್ಟೇಷನ್, ಬ್ಯಾಕ್ ಸೈಟ್, ಇಂಟರ್‌ಮೀಡಿಯೆಟ್ ಸೈಟ್, ಫೋರ್ ಸೈಟ್, ಷರಾ ಎಂಬ ಐದು ಕಾಲಂ ಸಾಕು. ಉಪಕರಣದ ಎತ್ತರ ಮತ್ತು ರೆಡ್ಯೂಸ್ಡ್ ಲೆವೆಲ್‌ಗಳನ್ನು ಲೆಕ್ಕದ ಹಾಳೆಗೆ ಬಿಡುವುದು ಒಳ್ಳೆಯದು. ಉತ್ತರ ಪಕ್ಕದಲ್ಲೇ ಕಾಣುತ್ತಿದ್ದರೆ ಅದಕ್ಕೆ ಹೊಂದುವಂತೆ ಓದನ್ನೇ ತಿದ್ದುವ ಆಸೆ ವಿದ್ಯಾರ್ಥಿಗಳಿಗೆ ಬರುತ್ತದೆ. ತಪ್ಪಾದ ಅಂಕಿಯನ್ನು ಅಳಿಸದೆ, ಒಂದು ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆಯಬೇಕೆಂಬ ಸೂಚನೆಯನ್ನೂ ಪುಟದ ತಲೆಯಲ್ಲೇ ಮುದ್ರಿಸಿರಿ.

ಹೆಚ್ಚಿನ ಗೊಂದಲ ಚೇಂಜ್ ಪಾಯಿಂಟ್‌ನಲ್ಲಿ ಆಗುತ್ತದೆ. ಸ್ಟಾಫ್ ಅದೇ ಬಿಂದುವಿನ ಮೇಲಿರುವಾಗ ಹಳೆಯ ನೆಲೆಯಿಂದ ಫೋರ್ ಸೈಟ್, ಉಪಕರಣ ಸರಿಸಿದ ಮೇಲೆ ಬ್ಯಾಕ್ ಸೈಟ್ ಓದುವುದರಿಂದ ಎರಡೂ ಒಂದೇ ಸಾಲಿನಲ್ಲಿರಬೇಕು. ಇವನ್ನು ಎರಡು ಸಾಲುಗಳಲ್ಲಿ ಬರೆದವರು ಒಂದು ಬಿಂದುವನ್ನು ಎರಡೆಂದು ಎಣಿಸಿಬಿಡುತ್ತಾರೆ. ಆದ್ದರಿಂದ ಮಾದರಿಗಾಗಿ ಒಂದು ಸಾಲನ್ನು ತುಂಬಿಯೇ ಕೊಡಿ.

ಹಾಳೆಯನ್ನು ಹಂಚುವ ಮುನ್ನ ಒಂದು ಉದಾಹರಣೆಯಿಂದ ಪರೀಕ್ಷಿಸಿ ನೋಡಬೇಕು. ಬೆಂಚ್ ಮಾರ್ಕ್ 100.000 ಮೀ. ಎಂದು ಭಾವಿಸೋಣ. ಬ್ಯಾಕ್ ಸೈಟ್ 1.425 ಆದರೆ ಉಪಕರಣದ ಎತ್ತರ 101.425. ಎ ಬಿಂದುವಿನ ಇಂಟರ್‌ಮೀಡಿಯೆಟ್ ಸೈಟ್ 1.850 ಕಳೆದರೆ ಅದರ ಮಟ್ಟ 99.575. ಮೊದಲ ಚೇಂಜ್ ಪಾಯಿಂಟ್‌ನಲ್ಲಿ ಫೋರ್ ಸೈಟ್ 2.365, ಮಟ್ಟ 99.060, ಅಲ್ಲಿ ಹೊಸ ಬ್ಯಾಕ್ ಸೈಟ್ 0.980, ಹೊಸ ಎತ್ತರ 100.040. ಎರಡನೆಯ ಚೇಂಜ್ ಪಾಯಿಂಟ್‌ನಲ್ಲಿ ಫೋರ್ ಸೈಟ್ 1.105, ಬ್ಯಾಕ್ ಸೈಟ್ 2.310, ಕೊನೆಗೆ ಬೆಂಚ್ ಮಾರ್ಕ್‌ಗೇ ಮರಳಿ ಓದಿದ ಫೋರ್ ಸೈಟ್ 1.251, ಮಟ್ಟ 99.994.

ಲೆಕ್ಕದ ಹಾಳೆಯ ಅಡಿಯಲ್ಲಿ ತಾಳೆಗೆ ಜಾಗವಿರಲಿ. ಬ್ಯಾಕ್ ಸೈಟ್‌ಗಳ ಮೊತ್ತ 4.715, ಫೋರ್ ಸೈಟ್‌ಗಳದು 4.721, ವ್ಯತ್ಯಾಸ ಋಣ 0.006. ಕೊನೆಯ ಮಟ್ಟದಿಂದ ಮೊದಲಿನದನ್ನು ಕಳೆದರೂ ಅಷ್ಟೇ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಈ ಎರಡು ವ್ಯತ್ಯಾಸಗಳು ಹೊಂದಿಕೆಯಾದರೆ ಲೆಕ್ಕ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. 6 ಮಿ.ಮೀ. ಕೊರತೆ ಮೈದಾನದ ದೋಷ. ಸಾಮಾನ್ಯ ಲೆವೆಲಿಂಗ್‌ಗೆ ಪಠ್ಯಗಳಲ್ಲಿ ಬಳಕೆಯಲ್ಲಿರುವ 24√K ಮಿ.ಮೀ. ಮಿತಿಯಂತೆ, ಸುತ್ತಿನ ಉದ್ದವಾದ K 0.25 ಕಿ.ಮೀ. ಇದ್ದರೆ 12 ಮಿ.ಮೀ.ವರೆಗೆ ಒಪ್ಪಬಹುದು.

ಎ ಬಿಂದುವಿನ 1.850 ಅನ್ನು ಯಾರಾದರೂ 1.580 ಎಂದು ಬರೆದುಕೊಂಡಿದ್ದರೆ ಈ ತಾಳೆಗಳಲ್ಲಿ ಯಾವುದೂ ಅದನ್ನು ಹಿಡಿಯುವುದಿಲ್ಲ, ಏಕೆಂದರೆ ಇಂಟರ್‌ಮೀಡಿಯೆಟ್ ಸೈಟ್ ಮೊತ್ತಗಳೊಳಗೆ ಬರುವುದೇ ಇಲ್ಲ. ಹಾಗಾಗಿ ಆ ಕಾಲಂನ ಪ್ರತಿ ಓದನ್ನೂ ಬರೆಯುವವರು ಗಟ್ಟಿಯಾಗಿ ಹೇಳಿ, ಉಪಕರಣದ ಬಳಿಯಿರುವವರು ಮತ್ತೆ ನೋಡಿ ಒಪ್ಪಿದ ಮೇಲೆ ಷರಾ ಕಾಲಂನಲ್ಲಿ ಗುರುತು ಹಾಕುವಂತೆ ಜಾಗ ಬಿಡಬೇಕು.