ಗಿಡುಗದ ರೆಕ್ಕೆ ಕುಗ್ಗಿದಾಗ ಉಳಿದ ಗೆರೆ

ಹುಬ್ಬಳ್ಳಿಯಲ್ಲಿ ಕಬಡ್ಡಿ ಮತ್ತು ವಾಲಿಬಾಲ್ ತಂಡಗಳಿಗೆ ಜೆರ್ಸಿ ಹೊಲಿಯುವ ಒಂದು ಸಣ್ಣ ಘಟಕಕ್ಕೆ ನಾನು ಲೋಗೋ ಮಾಡಿಕೊಟ್ಟೆ. ಮಾಲೀಕರು ಮೊದಲು ಕೇಳಿದ್ದು ಮಿಂಚುಳ್ಳಿಯನ್ನು. ಅದನ್ನು ನಾನು ಬರೆಯುವ ಮೊದಲೇ ಬಿಟ್ಟೆ. ಮಿಂಚುಳ್ಳಿಯ ಚಿತ್ರ ಮತ್ತು ಹೆಸರು ಎರಡೂ ಬೆಂಗಳೂರಿನ ಬಿಯರ್ ಕಂಪನಿಯೊಂದರ ಗುರುತಾಗಿ ದೇಶಕ್ಕೆಲ್ಲ ಗೊತ್ತು. ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಅಷ್ಟು ಹೆಸರಾದ ಗುರುತಿಗೆ ತನ್ನ ಸರಕಿನ ವರ್ಗದಾಚೆಗೂ ರಕ್ಷಣೆ ಸಿಗಬಹುದು. ಆದ್ದರಿಂದ "ನಾವು ಬಿಯರ್ ಮಾರುವುದಿಲ್ಲ, ಬಟ್ಟೆ ಮಾರುತ್ತೇವೆ" ಎಂಬ ಉತ್ತರ ಅಲ್ಲಿ ಸಾಲದು.

ಬದಲಿಗೆ ಎರಗುವ ಗಿಡುಗವನ್ನು ಬರೆದೆ. ಕೆಳಗೆ ಬಾಗಿದ ದಪ್ಪ ದೇಹ, ಬಲಕ್ಕೆ ಮೇಲೇರುತ್ತ ತೆಳುವಾಗುವ ಒಂದೇ ರೆಕ್ಕೆ, ಅದರಲ್ಲಿ ಐದು ಗರಿಗಳು, ಪುಟ್ಟ ಕೊಕ್ಕು, ಒಂದು ಕಣ್ಣು. ಪರದೆಯ ಮೇಲೆ ಅದು ನೂರಕ್ಕೆ ನೂರು ಗಿಡುಗವೇ ಆಗಿತ್ತು. ಯಾವುದೇ ಲೋಗೋವನ್ನು ಗಿರಾಕಿಗೆ ಒಪ್ಪಿಸುವ ಮೊದಲು ಬಣ್ಣ ತೆಗೆದು, ಪೂರ್ತಿ ಕಪ್ಪು ತುಂಬಿ, ಹದಿನಾರು ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡುವುದು ನನ್ನ ರೂಢಿ. ಹಾಗೆ ನೋಡಿದಾಗ ಕಣ್ಣು ಹೋಯಿತು, ಕೊಕ್ಕು ಹೋಯಿತು, ಗರಿಗಳ ನಡುವಿನ ಸಂದುಗಳು ಮುಚ್ಚಿಕೊಂಡವು. ಉಳಿದದ್ದು ಎಡಗಡೆ ಕೊಂಡಿಯಂತೆ ಬಾಗಿ ಬಲಕ್ಕೆ ಚೂಪಾಗಿ ಏರುವ ಒಂದೇ ಗೆರೆ. ಅದು ನೈಕಿಯ ಗುರುತು, 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಬರೆದುಕೊಟ್ಟ ಅದೇ ಗೆರೆ.

ಮಾಲೀಕರಿಗೆ ತೋರಿಸಿದೆ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, "ಬಣ್ಣ ಬ್ಯಾರೆ ಐತಲ್ರಿ ಸರ್, ಮ್ಯಾಲೆ ಗರಿನೂ ಅದಾವ, ಹ್ಯಾಂಗ ಹೋಲ್ತೈತ್ರಿ?" ಎಂದರು. ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ, ಮತ್ತು ತಪ್ಪು ಇರುವುದು ಅಕ್ಕಪಕ್ಕ ಇಡುವುದರಲ್ಲೇ. ಇದಕ್ಕೆ ಮೈಸೂರಿನದೇ ಒಂದು ಹಳೆಯ ಮೊಕದ್ದಮೆ ಇದೆ. ಪಾರ್ಲೆಯ ಗ್ಲೂಕೋಸ್ ಬಿಸ್ಕತ್ತಿನ ಹೊದಿಕೆಯ ಮೇಲೆ ಹಸು, ಕೋಳಿಗಳ ನಡುವೆ ನೀರಿನ ಪಾತ್ರೆ ಹಿಡಿದ ಹುಡುಗಿ ಇದ್ದಳು; ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಹೊದಿಕೆಯ ಮೇಲೆ ಅಂಥದೇ ಹಿನ್ನೆಲೆಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹುಡುಗಿ. ಕೆಳಗಿನ ನ್ಯಾಯಾಲಯಗಳು ವ್ಯತ್ಯಾಸಗಳಿವೆ ಎಂದು ದಾವೆಯನ್ನು ವಜಾ ಮಾಡಿದ್ದವು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು, ಮುಖ್ಯ ಲಕ್ಷಣಗಳ ಒಟ್ಟು ಸಾಮ್ಯವನ್ನು ನೋಡಬೇಕು, ಒಂದನ್ನು ಇಂದು ನೋಡಿದವನಿಗೆ ಇನ್ನೊಂದನ್ನು ಬೇರೊಂದು ದಿನ ತೋರಿಸಿದರೆ ಅದೇ ಎಂದು ತಿಳಿದುಕೊಳ್ಳುವಷ್ಟು ಹೋಲಿಕೆ ಇಲ್ಲಿದೆ ಎಂದಿತು. ಅಲ್ಲಿಂದ ಮುಂದೆ ನಾನು ಪರೀಕ್ಷಿಸುವುದು ಕಣ್ಣಮುಂದಿರುವ ಚಿತ್ರವನ್ನಲ್ಲ, ನೆನಪಿನಲ್ಲಿ ಉಳಿಯುವ ಚಿತ್ರವನ್ನು.

ಅದರ ವಿಧಾನ ಸರಳ. ವಿನ್ಯಾಸದ ಕೆಲಸ ಗೊತ್ತಿಲ್ಲದ ಏಳು ಜನರಿಗೆ ಗಿಡುಗವನ್ನು ಐದು ಸೆಕೆಂಡ್ ತೋರಿಸಿದೆ, ಏನನ್ನೂ ಹೇಳಲಿಲ್ಲ. ಮರುದಿನ ಅವರ ಕೈಗೆ ಪೆನ್ಸಿಲ್ ಕೊಟ್ಟು ನೆನಪಿದ್ದಷ್ಟನ್ನು ಬರೆಯಲು ಕೇಳಿದೆ. ನಾಲ್ವರು ಬರೆದದ್ದು ಸರಿ ಗುರುತಿನಂಥ ಗೆರೆ. ಅವರಲ್ಲಿ ಒಬ್ಬರು ಮಾತ್ರ ಅದಕ್ಕೆ ಒಂದು ಕಣ್ಣು ಇಟ್ಟಿದ್ದರು. "ಇದು ಯಾವುದರಂತೆ ಕಾಣುತ್ತದೆ?" ಎಂದು ನಾನು ಮೊದಲೇ ಕೇಳುವುದಿಲ್ಲ, ಏಕೆಂದರೆ ಆ ಪ್ರಶ್ನೆಯೇ ಹೋಲಿಕೆಯನ್ನು ಹುಡುಕಿಸುತ್ತದೆ. ಕಸೂತಿ ಮಾಡುವವರ ಬಳಿಯೂ ಒಂದು ಮಾದರಿ ಹಾಕಿಸಿದೆ. ಜೆರ್ಸಿಯ ಎದೆಯ ಮೇಲೆ ಲೋಗೋದ ಅಗಲ ಮೂರು ಸೆಂಟಿಮೀಟರ್. ಆ ಅಳತೆಯಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ಸಂದುಗಳನ್ನು ದಾರವೇ ನುಂಗಿತು. ನನ್ನನ್ನು ನೈಕಿಯಿಂದ ಬೇರೆ ಮಾಡುತ್ತಿದ್ದ ಗರಿಗಳು ಮಾರಾಟದ ವಸ್ತುವಿನ ಮೇಲೆ ಇರುವುದೇ ಇಲ್ಲ ಎಂದಾಯಿತು.

ಗರಿ ಹೆಚ್ಚಿಸುವುದರಿಂದಾಗಲಿ ಬಣ್ಣ ಬದಲಿಸುವುದರಿಂದಾಗಲಿ ಇದು ಸರಿಹೋಗುವಂಥದ್ದಲ್ಲ. ಎಲುಬಿನ ಗೂಡನ್ನೇ ಬದಲಿಸಬೇಕು. ಹಕ್ಕಿಯನ್ನು ಬಿಟ್ಟು ಕಬಡ್ಡಿ ಅಂಕಣಕ್ಕೆ ಬಂದೆ. ನಡುಗೆರೆ, ಬಾಕ್ ಗೆರೆ, ಬೋನಸ್ ಗೆರೆ ಎಂದು ಸಮಾನಾಂತರವಾಗಿ ಬರೆದ ಮೇಲೆ ಅರಿವಾಯಿತು: ಆಟದ ಉಡುಪಿನ ಮೇಲೆ ಸಮಾನಾಂತರ ಮೂರು ಪಟ್ಟಿ ಎಂದರೆ ಅದು ಅಡಿಡಾಸ್. ನನ್ನ ಗೆರೆಗಳು ಅಂಕಣದಿಂದಲೇ ಬಂದವು ಎಂಬುದು ನಿಜವಾದರೂ ಕೊಳ್ಳುವವರಿಗೆ ಆ ಕಥೆ ಗೊತ್ತಿರುವುದಿಲ್ಲ. ಒಂದೇ ಗೆರೆಯನ್ನು, ನಡುಗೆರೆಯನ್ನು, ಉಳಿಸಿಕೊಂಡೆ. ಘಟಕದ ಹೆಸರು 'ಕ'ದಿಂದ ಆರಂಭವಾಗುತ್ತದೆ. ಆ ಅಕ್ಷರದ ಅಡ್ಡಗೆರೆಯೇ ನಡುಗೆರೆಯಾಯಿತು, ತಲೆಕಟ್ಟು ಎದುರಾಳಿಯತ್ತ ಚಾಚಿದ ರೈಡರನ ಕೈಯಾಯಿತು, ಕೆಳಗಿನ ದುಂಡು ಬಾಗಿದ ಮೈಯಾಯಿತು.

ಹುಡುಕಾಟಕ್ಕೆ ಕುಳಿತದ್ದು ಇದಾದ ಮೇಲೆ. ಗೂಗಲ್ ಲೆನ್ಸ್‌ನಲ್ಲಿ ಚಿತ್ರವನ್ನು ಮೂರು ರೂಪಗಳಲ್ಲಿ ಹಾಕಿದೆ: ಬಣ್ಣದ್ದು, ಬರೀ ಕಪ್ಪಿನದು, ಎಡಬಲ ತಿರುಗಿಸಿದ್ದು. ಚಿತ್ರ ಹುಡುಕುವ ಇನ್ನೊಂದು ತಾಣ ಟಿನ್‌ಐ ಅದೇ ಚಿತ್ರದ ಪ್ರತಿಗಳನ್ನು ಹುಡುಕುತ್ತದೆಯೇ ಹೊರತು ಅದನ್ನು ಹೋಲುವ ಬೇರೆ ಚಿತ್ರಗಳನ್ನಲ್ಲ. ನಿನ್ನೆ ಬರೆದ ಲೋಗೋಗೆ ಅದು "ಏನೂ ಸಿಗಲಿಲ್ಲ" ಎಂದರೆ ಅದರಿಂದ ಏನೂ ತಿಳಿದಂತಾಗುವುದಿಲ್ಲ. ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯಾದ ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸ್‌ನಲ್ಲಿ ಚಿತ್ರ ಹಾಕಿ ಹುಡುಕುವ ಸೌಲಭ್ಯವಿದೆ, ಅದನ್ನೂ ಬಳಸಿದೆ.

ಹೆಚ್ಚು ಹೊತ್ತು ಹಿಡಿದದ್ದು ನಮ್ಮ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟ. ಅಕ್ಷರವಿಲ್ಲದ ಚಿತ್ರವನ್ನು ಹೆಸರು ಹಾಕಿ ಹುಡುಕಲು ಬರುವುದಿಲ್ಲ. ಅದಕ್ಕೆ ವಿಯೆನ್ನಾ ಸಂಕೇತ ಬೇಕು. ಚಿತ್ರದಲ್ಲಿ ಏನಿದೆ ಎಂಬುದಕ್ಕೆ ಕೊಡುವ ಸಂಖ್ಯೆ ಅದು: ಹಕ್ಕಿಗಳು 3.7ರಲ್ಲಿ, ಗೆರೆ ಮತ್ತು ಪಟ್ಟಿಗಳು 26.11ರಲ್ಲಿ, ಬೇರೆ ಬೇರೆ ಲಿಪಿಗಳ ಬರಹ 28ರ ಗುಂಪಿನಲ್ಲಿ. ನಾನು ಏನು ಬರೆದೆ ಎಂಬುದರ ಜೊತೆಗೆ ಕುಗ್ಗಿದಾಗ ಏನಾಗಿ ಕಾಣುತ್ತದೆ ಎಂಬುದರ ಸಂಕೇತವನ್ನೂ ಹಾಕಿ ನೋಡುತ್ತೇನೆ. ಗಿಡುಗವನ್ನು 3.7ರಲ್ಲಿ ಮಾತ್ರ ಹುಡುಕಿದ್ದರೆ ನೈಕಿಯ ಗೆರೆ ಎದುರಾಗುತ್ತಲೇ ಇರಲಿಲ್ಲ. ಸರಕಿನ ವರ್ಗಗಳಿಗೆ ಬೇರೆಯೇ ಸಂಖ್ಯೆಗಳಿವೆ: ಉಡುಪಿನ ವರ್ಗ 25, ಆಟದ ಸಾಮಾನಿನದು 28, ಅಂಗಡಿ ವ್ಯವಹಾರದ್ದು 35, ಮೂರರಲ್ಲೂ ನೋಡಿದೆ. ನೋಂದಣಿ ಕಚೇರಿ ಹೊರತರುವ ಸುಪ್ರಸಿದ್ಧ ಗುರುತುಗಳ ಪಟ್ಟಿಯನ್ನು ವರ್ಗ ನೋಡದೆ ಓದಿದೆ. ಈ ಹುಡುಕಾಟಕ್ಕೊಂದು ಮಿತಿ ಇದೆ: ಸಂಕೇತವನ್ನು ಅರ್ಜಿ ಬಂದ ಮೇಲೆ ಹಚ್ಚುತ್ತಾರೆ, ಆದ್ದರಿಂದ ಹೊಸ ಅರ್ಜಿಗಳು ತಪ್ಪಿಹೋಗಬಹುದು, ನೋಂದಾಯಿಸದೆ ಬಳಸುತ್ತಿರುವವರಿಗೂ ಹಕ್ಕಿರಬಹುದು, ಅವರು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಕ್ರೀಡಾ ಸಾಮಾನಿನ ನಾಲ್ಕು ಅಂಗಡಿಗಳಿಗೆ ಹೋಗಿ ಕಪಾಟುಗಳನ್ನೂ ನೋಡಿ ಬಂದೆ.

ಹೊಸ ಲೋಗೋವನ್ನು ಬೇರೆ ಏಳು ಜನರಿಗೆ ತೋರಿಸಿದೆ. ಮೊದಲಿನವರ ನೆನಪಿನಲ್ಲಿ ಗಿಡುಗ ಇದ್ದುದರಿಂದ ಅವರು ಬೇಡವಾಗಿದ್ದರು. ಮರುದಿನ ಐವರು 'ಕ' ಬರೆದರು, ಒಬ್ಬರು ಬಾಗಿದ ಮನುಷ್ಯನನ್ನು, ಇನ್ನೊಬ್ಬರು ಗೆರೆಯ ಕೆಳಗೊಂದು ಉಂಗುರವನ್ನು. ಬೇರೊಂದು ಕಂಪನಿಯ ಗುರುತನ್ನು ಯಾರೂ ಬರೆಯಲಿಲ್ಲ. 'ಕ' ಅಕ್ಷರ ಯಾರೊಬ್ಬರ ಸ್ವತ್ತೂ ಆಗುವುದಿಲ್ಲ, ನಮಗೆ ಹಕ್ಕು ಸಿಗುವುದು ಅದನ್ನು ಬರೆದ ರೀತಿಯ ಮೇಲೆ ಮಾತ್ರ ಎಂದು ಮಾಲೀಕರಿಗೆ ಬಿಡಿಸಿ ಹೇಳಿದೆ, ಅವರು ಒಪ್ಪಿದರು.

ದಿನಾಂಕ ಹಾಕಿದ ಕರಡುಗಳು, ಹುಡುಕಿದ ಸಂಕೇತಗಳು, ಪರದೆಯ ಚಿತ್ರಗಳು, ಹದಿನಾಲ್ಕು ಪೆನ್ಸಿಲ್ ಚಿತ್ರಗಳು, ಎಲ್ಲವನ್ನೂ ಒಂದು ಕಡತ ಮಾಡಿ ಟ್ರೇಡ್‌ಮಾರ್ಕ್ ವಕೀಲರಿಗೆ ಒಪ್ಪಿಸಿದೆ. ಕಾನೂನಿನ ಅಭಿಪ್ರಾಯ ಕೊಡುವುದು ಅವರ ಕೆಲಸ. ಅರ್ಜಿ ಅಂಗೀಕಾರವಾಗಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಯಾರು ಬೇಕಾದರೂ ವಿರೋಧ ಸಲ್ಲಿಸಲು ನಾಲ್ಕು ತಿಂಗಳು ಇರುತ್ತದೆ. ಆ ಅವಧಿ ಮುಗಿಯುವವರೆಗೆ ಕಡತದ ಇನ್ನೊಂದು ಪ್ರತಿ ನನ್ನ ಮೇಜಿನ ಮೇಲೇ ಇರುತ್ತದೆ.